ಖಾಲಿ ಕೋಣೆಗೆ ಅತಿಥಿ ಬರುವ ಮೊದಲು

ಸಾಗರ, ಸಿರಸಿ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಈಗ ಜನಕ್ಕಿಂತ ಕೋಣೆಗಳೇ ಹೆಚ್ಚು. ಮಕ್ಕಳು ಓದು ಮುಗಿಸಿ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿದ್ದಾರೆ. ಒಂದು ಕಾಲದಲ್ಲಿ ನಾಲ್ಕು ಜನ ಮಲಗುತ್ತಿದ್ದ ಕೋಣೆಯಲ್ಲಿ ಹಳೆಯ ಮಂಚ, ಗೋಣಿಚೀಲ, ಉಪಯೋಗವಿಲ್ಲದ ಪುಸ್ತಕಗಳು ಸೇರಿಕೊಂಡಿವೆ. ಜೋಗಕ್ಕೆ ಹೋಗುವ ಕಾರುಗಳು ಮನೆಯ ಹತ್ತಿರದಲ್ಲೇ ಓಡಾಡುವಾಗ, ಈ ಕೋಣೆಯನ್ನು ಹೋಂಸ್ಟೇ ಮಾಡಿದರೆ ಹೇಗೆ ಎಂಬ ಮಾತು ಊಟದ ಹೊತ್ತಿಗೆ ಬರುವುದು ಸಹಜ.

ಆಗ ಎಲ್ಲರೂ ಮೊದಲು ಕೇಳುವುದು, ಒಂದು ರಾತ್ರಿಗೆ ಎಷ್ಟು ಹಣ ಸಿಗುತ್ತದೆ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಅತಿಥಿ ಬಂದ ದಿನ ಬೆಳಿಗ್ಗೆ ಎದ್ದು ಕಾಫಿ, ತಿಂಡಿ ಮಾಡುವವರು ಯಾರು? ಹಾಸಿಗೆಯ ಹೊದಿಕೆ ಒಗೆಯುವವರು ಯಾರು? ರಾತ್ರಿ ಹತ್ತಕ್ಕೆ ಬಂದ ಫೋನಿಗೆ ಉತ್ತರಿಸುವವರು ಯಾರು? ಹೋಂಸ್ಟೇಯಲ್ಲಿ ಮಾರಾಟಕ್ಕೆ ಇರುವುದು ಮನೆಯವರ ಸಮಯ. ದರ, ಮನೆಯ ನಿಯಮ, ಅತಿಥಿಯೊಡನೆ ಆಡುವ ಮಾತು, ಈ ಮೂರೂ ಆ ಸಮಯಕ್ಕೆ ಬೆಲೆ ಕಟ್ಟುವ, ಅದಕ್ಕೊಂದು ಮಿತಿ ಹಾಕುವ ದಾರಿಗಳು.

ಲೆಕ್ಕಕ್ಕೆ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಸಾಗರದಿಂದ ಜೋಗಕ್ಕೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಮನೆ. ಎರಡೆಕರೆ ಅಡಿಕೆ ತೋಟ. ಐವತ್ತು ದಾಟಿದ ಗಂಡ ಹೆಂಡತಿ, ಎಂಬತ್ತರ ಅತ್ತೆ. ಜಗುಲಿಯ ಪಕ್ಕದಲ್ಲಿ ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಒಂದು ಖಾಲಿ ಕೋಣೆ. ಅದಕ್ಕೆ ಹೊರಗಿನಿಂದ ಪ್ರತ್ಯೇಕ ಬಾಗಿಲಿದೆ. ಇದು ದೊಡ್ಡ ಅನುಕೂಲ. ಅತಿಥಿ ನಡುಮನೆ ದಾಟದೆ ಬಂದುಹೋಗಬಹುದಾದರೆ ಎರಡೂ ಕಡೆಯವರಿಗೆ ನಿರಾಳ.

ಮೊದಲು ಕ್ಯಾಲೆಂಡರ್

ಬಣ್ಣ ಹೊಡೆಸುವ ಮೊದಲು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಯಾವ ದಿನ ಅತಿಥಿಗಳು ಬೇಡ ಎಂದು ಗುರುತು ಹಾಕಬೇಕು. ತೋಟದ ಮನೆಗೆ ಇದು ಕಡ್ಡಾಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವ ದಿನಗಳಲ್ಲಿ ಮನೆಯ ಯಜಮಾನ ತೋಟದಲ್ಲಿರುತ್ತಾನೆ, ಕೆಲಸದವರಿಗೆ ಊಟ ಆಗಬೇಕು, ಅತಿಥಿ ತೋಟದೊಳಗೆ ಅಡ್ಡಾಡುವಂತಿಲ್ಲ. ಕೊನೆ ಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ವಾರಗಟ್ಟಲೆ ನಡೆಯುತ್ತದೆ. ಶ್ರಾದ್ಧದ ದಿನಗಳು, ಮನೆಯ ಹಬ್ಬಗಳು, ನೆಂಟರ ಮದುವೆಗಳು ಬೇರೆ. ಸೂತಕ ಹೇಳಿ ಬರುವುದಿಲ್ಲವಾದ್ದರಿಂದ, ಅಂಥ ಹೊತ್ತಿನಲ್ಲಿ ಅತಿಥಿಯನ್ನು ಕಳಿಸಿಕೊಡಲು ಹತ್ತಿರದ ಇನ್ನೊಂದು ಹೋಂಸ್ಟೇಯವರೊಡನೆ ಮೊದಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಡೆ, ಜನ ಯಾವಾಗ ಬರುತ್ತಾರೆ ಎಂದೂ ನೋಡಬೇಕು. ಜೋಗದಲ್ಲಿ ನೀರು ತುಂಬಿರುವ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ವಾರಾಂತ್ಯಗಳು, ದಸರೆಯ ರಜೆ, ಡಿಸೆಂಬರ್ ಕೊನೆಯ ವಾರ, ಬೇಸಿಗೆ ರಜೆ ಮುಖ್ಯ. ಹೆಗ್ಗೋಡಿನ ನೀನಾಸಂ ಶಿಬಿರ, ನಾಟಕಗಳಿಗೆಂದು ಬಂದು ಎರಡು ಮೂರು ದಿನ ಉಳಿಯುವವರೂ ಇದ್ದಾರೆ. ವಾರದ ನಡುವಿನ ದಿನಗಳು ಹೆಚ್ಚಾಗಿ ಖಾಲಿ. ಬೇಡದ ದಿನಗಳನ್ನು ಕಳೆದು, ಖಾಲಿ ಹೋಗುವ ದಿನಗಳನ್ನೂ ಕಳೆದರೆ, ಒಂದು ಕೋಣೆಯ ಮನೆ ವರ್ಷಕ್ಕೆ ಎಂಬತ್ತು ರಾತ್ರಿ ತುಂಬುತ್ತದೆ ಎಂದುಕೊಳ್ಳೋಣ. ದರದ ಲೆಕ್ಕವೆಲ್ಲ ಈ ಎಂಬತ್ತರ ಮೇಲೆ ನಿಲ್ಲುತ್ತದೆ.

ಕೋಣೆಗೆ ಏನು ಬೇಕು

ಹಳೆಯ ಮನೆಗಳಲ್ಲಿ ಬಚ್ಚಲು ಹಿಂದುಗಡೆ ಇರುತ್ತದೆ, ಕತ್ತಲಲ್ಲಿ ಅಂಗಳ ದಾಟಿ ಹೋಗಬೇಕು. ಮಳೆಗಾಲದ ರಾತ್ರಿ ಪಟ್ಟಣದ ಅತಿಥಿಗೆ ಇದು ಆಗುವುದಿಲ್ಲ. ಹಾಗಾಗಿ ದೊಡ್ಡ ಖರ್ಚು ಕೋಣೆಗೆ ಹೊಂದಿಕೊಂಡ ಸ್ನಾನಗೃಹ, ಶೌಚಾಲಯದ್ದೇ. ನಮ್ಮ ಲೆಕ್ಕದ ಮನೆಯಲ್ಲಿ ಅದಕ್ಕೆ 1,40,000 ರೂಪಾಯಿ. ಬಿಸಿನೀರಿನ ವ್ಯವಸ್ಥೆಗೆ 25,000, ಮಂಚ ಹಾಸಿಗೆಗೆ 30,000, ಮೂರು ಜೊತೆ ಹೊದಿಕೆ ಟವೆಲುಗಳಿಗೆ 12,000, ಬಣ್ಣ, ವೈರಿಂಗ್, ಸೊಳ್ಳೆ ಜಾಲರಿಗೆ 23,000, ಕರೆಂಟು ಹೋದಾಗ ದೀಪ ಫ್ಯಾನು ನಡೆಯಲು ಇನ್‌ವರ್ಟರಿಗೆ 20,000. ಒಟ್ಟು ಎರಡೂವರೆ ಲಕ್ಷ.

ಹೊದಿಕೆ ಮೂರು ಜೊತೆ ಏಕೆ ಎಂದರೆ, ಮಲೆನಾಡಿನ ಮಳೆಯಲ್ಲಿ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ. ಒಂದು ಹಾಸಿಗೆಯ ಮೇಲೆ, ಒಂದು ದಾರದ ಮೇಲೆ, ಒಂದು ಕಪಾಟಿನಲ್ಲಿ ಇರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿಂಬು, ಹಾಸಿಗೆಗಳಿಗೆ ಬೂಸ್ಟು ಹಿಡಿಯುತ್ತದೆ. ಹೊಸಬರ ಮೇಲೆ ಬರುವ ದೂರುಗಳಲ್ಲಿ ಈ ಬೂಸ್ಟಿನ ವಾಸನೆಯೂ ಒಂದು. ಮನೆಯವರಿಗೆ ಆ ವಾಸನೆ ಅಭ್ಯಾಸವಾಗಿ ಗೊತ್ತೇ ಆಗುವುದಿಲ್ಲ. ಆದ್ದರಿಂದ ಕೋಣೆ ಸಿದ್ಧವಾದ ಮೇಲೆ ಪಟ್ಟಣದಲ್ಲಿರುವ ಮಗಳನ್ನೋ ನೆಂಟರನ್ನೋ ಕರೆದು ಎರಡು ರಾತ್ರಿ ಅಲ್ಲೇ ಮಲಗಿಸಿ, ಕೊರತೆಗಳ ಪಟ್ಟಿ ಬರೆಸಿಕೊಳ್ಳಬೇಕು. ಫೋನ್ ಚಾರ್ಜ್ ಮಾಡಲು ಮಂಚದ ಪಕ್ಕ ಪ್ಲಗ್ ಇಲ್ಲ, ಒದ್ದೆ ಬಟ್ಟೆ ಹಾಕಲು ಜಾಗವಿಲ್ಲ ಎಂಬಂಥ ಸಂಗತಿಗಳು ಹೀಗೆಯೇ ತಿಳಿಯುವುದು.

ದರ ಕಟ್ಟುವುದು

ಪಕ್ಕದ ಊರಿನವರು ತಲೆಗೆ ಇಷ್ಟು ತೆಗೆದುಕೊಳ್ಳುತ್ತಾರೆ, ನಾವು ನೂರು ರೂಪಾಯಿ ಕಡಿಮೆ ಇಡೋಣ ಎಂದು ದರ ಇಡುವುದೇ ರೂಢಿ. ಹೀಗೆ ಮಾಡಿದರೆ ಅವರ ಮನೆಯ ಸಾಲ, ಅವರ ಮನೆಯ ಕೈಗಳ ಲೆಕ್ಕದ ಮೇಲೆ ನಮ್ಮ ದರ ನಿಂತಂತಾಯಿತು. ಪೇಟೆಯ ದರ ಗೊತ್ತಿರಬೇಕು ನಿಜ, ಆದರೆ ಮೊದಲು ನಮ್ಮದೇ ಲೆಕ್ಕ ಆಗಬೇಕು.

ಹಾಕಿದ ಎರಡೂವರೆ ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 50,000. ಇಂಟರ್ನೆಟ್, ಸಣ್ಣ ರಿಪೇರಿ, ನೋಂದಣಿಗೆ ಇನ್ನು 16,000. ಅತಿಥಿ ಬರಲಿ ಬಿಡಲಿ, ಈ 66,000 ಖರ್ಚಾಗಿಯೇ ಆಗುತ್ತದೆ. ಎಂಬತ್ತು ರಾತ್ರಿಗೆ ಹಂಚಿದರೆ ರಾತ್ರಿಗೆ 825 ರೂಪಾಯಿ.

ಇನ್ನು ಇಬ್ಬರು ಬಂದ ಒಂದು ರಾತ್ರಿಯ ಖರ್ಚು. ಸಂಜೆಯ ಕಾಫಿ ತಿಂಡಿ, ರಾತ್ರಿ ಊಟ, ಬೆಳಗಿನ ತಿಂಡಿಯ ಸಾಮಾನಿಗೆ ಒಬ್ಬರಿಗೆ 250ರಂತೆ 500. ಕರೆಂಟು, ಗ್ಯಾಸು, ಸೋಪು, ಒಗೆತಕ್ಕೆ 250. ಕೊನೆಯದಾಗಿ, ಬಹಳ ಜನ ಬರೆಯದೇ ಬಿಡುವ ಸಾಲು: ಅಡುಗೆ, ಬಡಿಸುವುದು, ಪಾತ್ರೆ, ಕೋಣೆ ಗುಡಿಸಿ ಒರೆಸುವುದು, ಹೊದಿಕೆ ಬದಲಿಸುವುದು. ಮನೆಯ ಮಾಮೂಲಿ ಕೆಲಸದ ಮೇಲೆ ಇದು ಐದು ಗಂಟೆಯ ಹೆಚ್ಚುವರಿ ದುಡಿಮೆ. ಗಂಟೆಗೆ 120 ಎಂದರೂ 600 ರೂಪಾಯಿ. ಹೇಗೂ ಅಡುಗೆ ಮಾಡುತ್ತೇವಲ್ಲ, ಇಬ್ಬರಿಗೆ ಜಾಸ್ತಿ ಅಕ್ಕಿ ಹಾಕಿದರಾಯಿತು ಎಂಬ ಮಾತು ಹೊರಗಿನಿಂದ ನೋಡುವವರದು. ಒಲೆಯ ಮುಂದೆ ನಿಂತವರು ಹಾಗೆ ಹೇಳುವುದಿಲ್ಲ.

ಎಲ್ಲ ಕೂಡಿದರೆ ರಾತ್ರಿಗೆ 2,175 ರೂಪಾಯಿ. ಇದರ ಕೆಳಗೆ ದರ ಇಳಿಸಿದರೆ ಮನೆಯ ದುಡಿಮೆಯನ್ನು ಬಿಟ್ಟಿ ಕೊಟ್ಟಂತೆ. ನಮ್ಮ ಮನೆಯವರು ತಲೆಗೆ 1,400ರಂತೆ ಇಬ್ಬರಿಗೆ 2,800 ಇಡುತ್ತಾರೆ ಎನ್ನೋಣ. ಅರ್ಧದಷ್ಟು ಅತಿಥಿಗಳು ಬುಕಿಂಗ್ ಜಾಲತಾಣಗಳ ಮೂಲಕ ಬಂದು, ಅಲ್ಲಿ ನೂರಕ್ಕೆ ಹದಿನೈದು ಕಮಿಷನ್ ಹೋಗುವುದಾದರೆ ಆ ಒಂದೊಂದು ರಾತ್ರಿಗೆ 420 ಕಳೆಯುತ್ತದೆ.

ವರ್ಷದ ಲೆಕ್ಕ ಹೀಗೆ. ಬಂದದ್ದು 2,24,000. ಕಮಿಷನ್ 16,800, ಊಟ ಕರೆಂಟಿನ ಖರ್ಚು 60,000, ಸ್ಥಿರ ಖರ್ಚು 66,000 ಕಳೆದರೆ ಉಳಿಯುವುದು 81,200. ಅದರಲ್ಲಿ 48,000 ಮನೆಯವರ ಕೂಲಿ. ನಿಜವಾದ ಲಾಭ 33,200. ತಿಂಗಳಿಗೆ ಏಳು ಸಾವಿರದ ಒಳಗೆ ಕೈಗೆ ಬರುವ ಈ ಹಣ ತೋಟದ ಜೊತೆಗೆ ಒಳ್ಳೆಯ ಆಸರೆ. ಆದರೆ ಸಾಲ ಮಾಡಿ ನಾಲ್ಕು ಕೋಣೆ ಕಟ್ಟುವ ಧೈರ್ಯ ಕೊಡುವಂಥದ್ದಲ್ಲ.

ಅದೇ ಮನೆ ನಲವತ್ತು ರಾತ್ರಿ ಮಾತ್ರ ತುಂಬಿದರೆ? ಸ್ಥಿರ ಖರ್ಚೇ ರಾತ್ರಿಗೆ 1,650 ಆಗಿ, ಒಟ್ಟು ವೆಚ್ಚ 3,000 ಮುಟ್ಟುತ್ತದೆ; ಕಮಿಷನ್ ಇಲ್ಲದೆಯೂ 2,800ರ ದರ ಸಾಲದು. ಆಗ ದರ ಏರಿಸಿದರೆ ಜನ ಇನ್ನೂ ಕಡಿಮೆಯಾಗಬಹುದು. ಆದ್ದರಿಂದಲೇ ಮೊದಲ ಖರ್ಚನ್ನು ಹಿಡಿತದಲ್ಲಿ ಇಡಬೇಕು. ಎ.ಸಿ. ಬೇಡ, ದೊಡ್ಡ ಟಿವಿ ಬೇಡ. ಒಳ್ಳೆಯ ಹಾಸಿಗೆ, ಸ್ವಚ್ಛ ಬಚ್ಚಲು, ಬಿಸಿನೀರು ಇಷ್ಟಕ್ಕೆ ಹಣ ಹಾಕಿದರೆ ಸಾಕು.

ತಲೆ ಲೆಕ್ಕದ ದರದಲ್ಲಿ ಮೂರು ವಿಷಯ ಮೊದಲೇ ತೀರ್ಮಾನವಾಗಿರಬೇಕು. ಒಬ್ಬರೇ ಬಂದರೆ ಅರ್ಧ ದರ ಸಾಲದು, ಕೋಣೆಯ ಕೆಲಸ ಅಷ್ಟೇ ಇರುತ್ತದೆ; ನಮ್ಮ ಮನೆಯಲ್ಲಿ ಅದು 1,900. ಮಕ್ಕಳಿಗೆ ಐದು ವರ್ಷದವರೆಗೆ ಉಚಿತ, ಹನ್ನೆರಡರವರೆಗೆ ಅರ್ಧ. ಮೂರನೆಯದು ಡ್ರೈವರ್. ಬಾಡಿಗೆ ಕಾರಿನಲ್ಲಿ ಬಂದವರ ಡ್ರೈವರ್ ಎಲ್ಲಿ ಮಲಗಬೇಕು, ಅವನ ಊಟಕ್ಕೆ ಯಾರು ಕೊಡಬೇಕು ಎಂಬುದು ರಾತ್ರಿ ಒಂಬತ್ತಕ್ಕೆ ಜಗುಲಿಯಲ್ಲಿ ಚರ್ಚೆಯಾಗುವ ವಿಷಯವಾಗಬಾರದು. ಅವನಿಗೊಂದು ಹಾಸಿಗೆ, ಬಚ್ಚಲು, ಊಟ ಕೊಟ್ಟು, ಅದರ ದರವನ್ನು ಬುಕಿಂಗ್ ಹೊತ್ತಿಗೇ ಹೇಳಬೇಕು.

ಮನೆಯ ನಿಯಮ

ಇಪ್ಪತ್ತು ನಿಯಮಗಳ ಬೋರ್ಡನ್ನು ಯಾರೂ ಓದುವುದಿಲ್ಲ. ಅತಿಥಿ ಹಣ ಕೊಡುವ ಮೊದಲು ಅವನ ಕಣ್ಣಿಗೆ ಬಿದ್ದ ನಿಯಮಕ್ಕೆ ಮಾತ್ರ ಬೆಲೆ. ಬಂದು ಚೀಲ ಇಳಿಸಿದ ಮೇಲೆ ಹೇಳಿದ ನಿಯಮ ಜಗಳಕ್ಕೆ ದಾರಿ. ಹಾಗಾಗಿ ಏಳೆಂಟು ಸಾಲಿನಲ್ಲಿ, ಕಾರಣ ಸಮೇತ ಬರೆಯಬೇಕು. "ರಾತ್ರಿ ಊಟ ಎಂಟೂವರೆಗೆ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಒಂಬತ್ತೂವರೆಗೆ ಮಲಗುತ್ತೇವೆ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ.

ಸಾಗರದ ಮನೆಗೆ ವಿಶೇಷವಾಗಿ ಬೇಕಾದ ನಿಯಮ ಬೆಳಗಿನ ಆಗಮನದ್ದು. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು, ರಾತ್ರಿ ಬಸ್ಸುಗಳು ಸಾಗರ ಮುಟ್ಟುವುದು ಬೆಳಗಿನ ಜಾವದ ಹೊತ್ತಿಗೆ. ಕೋಣೆ ಮಧ್ಯಾಹ್ನ ಹನ್ನೆರಡಕ್ಕೆ ಎಂದು ಬರೆದಿದ್ದರೂ ಅತಿಥಿ ಏಳಕ್ಕೇ ಅಂಗಳದಲ್ಲಿ ನಿಂತಿರುತ್ತಾನೆ, ಹಿಂದಿನ ದಿನದವರು ಇನ್ನೂ ಎದ್ದಿರುವುದಿಲ್ಲ. ಇದಕ್ಕೆ ಒಂದು ದಾರಿ ಇದೆ. ಬೇಗ ಬಂದವರಿಗೆ ಜಗುಲಿ, ಹಿಂದಿನ ಬಚ್ಚಲಲ್ಲಿ ಹಂಡೆಯ ಬಿಸಿನೀರು, ತಿಂಡಿ ಇಷ್ಟು ಸಿಗುತ್ತದೆ, ತಿಂಡಿಗೆ ಬೇರೆ ದರ, ಕೋಣೆ ಮಾತ್ರ ಹನ್ನೆರಡಕ್ಕೇ ಎಂದು ಬರೆದುಬಿಡುವುದು.

ಕುಡಿತದ ವಿಷಯದಲ್ಲಿ ನಾಚಿಕೆ ಬೇಡ. ಮನೆಯವರಿಗೆ ಒಪ್ಪಿಗೆ ಇಲ್ಲದಿದ್ದರೆ "ಮನೆ ಮತ್ತು ತೋಟದಲ್ಲಿ ಮದ್ಯ ಇಲ್ಲ" ಎಂದು ಒಂದೇ ಸಾಲು. ಒಪ್ಪಿಗೆ ಇದ್ದರೆ ಎಲ್ಲಿ, ಎಷ್ಟು ಹೊತ್ತಿನವರೆಗೆ ಎಂದು ಹೇಳಬೇಕು. ಪರವಾನಗಿ ಇಲ್ಲದೆ ಮನೆಯವರು ಮದ್ಯ ಮಾರುವುದು ಅಪರಾಧ, ಅದನ್ನು ತಂದುಕೊಡಿ ಎಂಬ ಕೋರಿಕೆಗೂ ಒಪ್ಪಬಾರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ಕಾನೂನೇ ಮಿತಿ ಹಾಕಿರುವುದರಿಂದ ಹಾಡಿನ ಪೆಟ್ಟಿಗೆಗೂ ಅದೇ ಗಡಿ ಇಡಬಹುದು.

ಅಡುಗೆಮನೆಯ ವಿಷಯ ಸೂಕ್ಷ್ಮ. ಹಿರಿಯರು ಮಡಿ ಪಾಲಿಸುವ ಮನೆಗಳಿವೆ. ಅಂಥ ಕಡೆ ಅಡುಗೆಮನೆಗೆ ಯಾವ ಅತಿಥಿಗೂ ಪ್ರವೇಶವಿಲ್ಲ, ಎಲ್ಲರಿಗೂ ಊಟ ಜಗುಲಿಯಲ್ಲೇ ಎಂಬ ಒಂದೇ ನಿಯಮ ಇರಬೇಕು. ಬಂದವರ ಹೆಸರು, ಊರು ಕೇಳಿ ಒಬ್ಬರಿಗೊಂದು ಒಬ್ಬರಿಗೊಂದು ಮಾಡುವುದು ಆತಿಥ್ಯವೇ ಅಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಸತಿ ನಿರಾಕರಿಸುವುದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಯಾರು ಬಂದರೂ ಒಂದೇ ತಟ್ಟೆ, ಒಂದೇ ಪಂಕ್ತಿ ಎನ್ನಲು ಮನೆ ಸಿದ್ಧವಿಲ್ಲದಿದ್ದರೆ, ಕೋಣೆ ತೆರೆಯದಿರುವುದೇ ಮೇಲು.

ಮದುವೆಯಾಗದ ಜೋಡಿಯ ಪ್ರಶ್ನೆಯೂ ಬಂದೇ ಬರುತ್ತದೆ. ವಯಸ್ಕರಿಬ್ಬರು ಒಂದು ಕೋಣೆಯಲ್ಲಿ ಉಳಿಯುವುದನ್ನು ತಡೆಯುವ ಕಾನೂನಿಲ್ಲ. ಮನೆಯವರ ನಿಲುವು ಏನೇ ಇದ್ದರೂ ಅದು ಬುಕಿಂಗ್‌ಗೆ ಮೊದಲೇ ತಿಳಿದಿರಬೇಕು. ಮುನ್ನೂರೈವತ್ತು ಕಿಲೋಮೀಟರ್ ಬಂದವರನ್ನು ಅಂಗಳದಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದು ತರವಲ್ಲ.

ಅತಿಥಿಯೊಡನೆ ಮಾತು

ಹೋಂಸ್ಟೇಯ ಒಳ್ಳೆಯ ಹೆಸರು, ಕೆಟ್ಟ ಹೆಸರು ಎರಡೂ ಹೆಚ್ಚಾಗಿ ವಾಟ್ಸಾಪ್‌ನಲ್ಲೇ ಹುಟ್ಟುತ್ತವೆ. "ರೂಮ್ ಇದೆಯಾ" ಎಂದು ಕೇಳಿದವರಿಗೆ "ಇದೆ" ಎಂದಷ್ಟೇ ಬರೆದರೆ ಅಲ್ಲಿಂದ ಇಪ್ಪತ್ತು ಸಂದೇಶ ಓಡಾಡುತ್ತವೆ. ಒಂದೇ ಉತ್ತರ ಸಿದ್ಧ ಮಾಡಿಟ್ಟುಕೊಂಡರೆ ಎರಡೂ ಕಡೆ ಸಮಯ ಉಳಿಯುತ್ತದೆ:

"ನಮಸ್ಕಾರ. 12, 13ಕ್ಕೆ ಕೋಣೆ ಇದೆ. ಒಂದೇ ಕೋಣೆ, ಇಬ್ಬರಿಗೆ. ಒಬ್ಬರಿಗೆ ದಿನಕ್ಕೆ 1,400, ಅದರಲ್ಲಿ ಸಂಜೆ ಕಾಫಿ ತಿಂಡಿ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದೆ. ಸಸ್ಯಾಹಾರ ಮಾತ್ರ. ನಾವೂ ಇದೇ ಮನೆಯಲ್ಲಿ ಇರುತ್ತೇವೆ. ಮನೆಯ ನಿಯಮ ಕೆಳಗಿದೆ, ದಯವಿಟ್ಟು ಓದಿ. ಒಪ್ಪಿಗೆಯಾದರೆ ಅರ್ಧ ಹಣ ಕಳಿಸಿದ ಮೇಲೆ ದಿನ ಕಾಯ್ದಿರಿಸುತ್ತೇವೆ."

"ನಾವೂ ಇದೇ ಮನೆಯಲ್ಲಿ ಇರುತ್ತೇವೆ" ಎಂಬ ಸಾಲು ಬಹಳ ಕೆಲಸ ಮಾಡುತ್ತದೆ. ಪಾರ್ಟಿಗೆ ಜಾಗ ಹುಡುಕುವವರು ಅಲ್ಲಿಗೇ ಹಿಂದೆ ಸರಿಯುತ್ತಾರೆ. ಮನೆಯ ವಾತಾವರಣ ಬೇಕಾದವರು ಮುಂದೆ ಬರುತ್ತಾರೆ.

ಮುಂಗಡದ ಜೊತೆಗೆ ರದ್ದತಿಯ ಮಾತೂ ಬರೆಯಬೇಕು. ಏಳು ದಿನ ಮೊದಲು ತಿಳಿಸಿದರೆ ಪೂರ್ತಿ ವಾಪಸ್, ಮೂರು ದಿನದವರೆಗೆ ಅರ್ಧ, ಆಮೇಲೆ ಇಲ್ಲ ಎಂಬುದು ಎರಡೂ ಕಡೆಗೆ ನ್ಯಾಯವಾದ ಕ್ರಮ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಹಣ ಹಿಡಿದುಕೊಳ್ಳದೆ ಬೇರೆ ದಿನ ಕೊಡುವುದು ಸರಿ.

ಹೊರಡುವ ಹಿಂದಿನ ದಿನದ ಸಂದೇಶ ಎಲ್ಲಕ್ಕಿಂತ ಮುಖ್ಯ. ಲೊಕೇಶನ್ ಕಳಿಸಿದರೆ ಸಾಲದು, ನಕ್ಷೆ ಎಷ್ಟೋ ಸಲ ತೋಟದ ಕಾಲುದಾರಿಗೆ ಕರೆದೊಯ್ಯುತ್ತದೆ. ಮುಖ್ಯ ರಸ್ತೆಯಲ್ಲಿ ಎಲ್ಲಿ ತಿರುಗಬೇಕು, ತಿರುವಿನಲ್ಲಿ ಶಾಲೆಯೋ ಡೇರಿಯೋ ಏನಿದೆ, ಎಲ್ಲಿಂದ ಮುಂದೆ ನೆಟ್‌ವರ್ಕ್ ಇಲ್ಲ, ಕಾರು ಅಂಗಳದವರೆಗೆ ಬರುತ್ತದೋ ಇಲ್ಲವೋ, ಇವನ್ನು ಬರೆಯಬೇಕು. ಮಳೆಗಾಲವಾದರೆ ಇಂಬಳ ಇರುತ್ತದೆ, ಕೊಡೆ ಮತ್ತು ಇನ್ನೊಂದು ಜೊತೆ ಚಪ್ಪಲಿ ತನ್ನಿ ಎಂದು ಮೊದಲೇ ಹೇಳಬೇಕು. ಜೋಗದ ನೀರು ಮಳೆಯನ್ನೂ ಲಿಂಗನಮಕ್ಕಿ ಅಣೆಕಟ್ಟೆಯನ್ನೂ ಅವಲಂಬಿಸಿದೆ. ಏಪ್ರಿಲ್‌ನಲ್ಲಿ ಬರುವವರಿಗೆ ಜಲಪಾತ ತುಂಬಿರುವುದಿಲ್ಲ ಎಂದು ಹೇಳಿ ಇಕ್ಕೇರಿ, ಕೆಳದಿಯ ದೇವಸ್ಥಾನಗಳ ದಾರಿ ತೋರಿಸಿದರೆ ಅವರು ಮೆಚ್ಚುತ್ತಾರೆ. ಮಳೆಗಾಲದ ಚಿತ್ರ ತೋರಿಸಿ ಬೇಸಿಗೆಯಲ್ಲಿ ಕರೆದರೆ ಮೋಸ ಹೋದೆವು ಎಂದುಕೊಂಡು ಹೋಗುತ್ತಾರೆ.

ದೂರನ್ನು ಅತಿಥಿ ಎದುರಿಗೆ ಹೇಳಲು ಹಿಂಜರಿಯುತ್ತಾನೆ, ಊರಿಗೆ ಹೋಗಿ ಬರೆಯುತ್ತಾನೆ. ಆದ್ದರಿಂದ ಬಂದ ಒಂದು ಗಂಟೆಯೊಳಗೆ "ಬಿಸಿನೀರು ಬಂತಾ, ಇನ್ನೊಂದು ಹೊದಿಕೆ ಬೇಕಾ" ಎಂದು ನಾವೇ ಕೇಳಬೇಕು. ಆಮೇಲೆ ಅವರನ್ನು ಅವರ ಪಾಡಿಗೆ ಬಿಡಬೇಕು. ಕೆಲವರು ಅಜ್ಜಿಯ ಜೊತೆ ಗಂಟೆಗಟ್ಟಲೆ ಕೂತು ಮಾತಾಡಲು ಬಂದಿರುತ್ತಾರೆ, ಕೆಲವರು ಯಾರ ಮಾತೂ ಬೇಡವೆಂದೇ ಬಂದಿರುತ್ತಾರೆ. ಬಾಗಿಲು ಹಾಕಿದ್ದರೆ ತಟ್ಟದಿರುವುದೂ ಉಪಚಾರವೇ.

ದೊಡ್ಡ ಅನಾಹುತ ಎಂದರೆ ಒಂದೇ ದಿನಕ್ಕೆ ಇಬ್ಬರಿಗೆ ಮಾತು ಕೊಡುವುದು. ಗಂಡ ಫೋನಿನಲ್ಲಿ ಒಪ್ಪಿಕೊಂಡ ದಿನವನ್ನು ಜಾಲತಾಣ ಬೇರೊಬ್ಬರಿಗೆ ಮಾರಿರುತ್ತದೆ. ಒಂದೇ ಕೋಣೆಯಿದ್ದಾಗ ಇದಕ್ಕೆ ಪರಿಹಾರವೇ ಇಲ್ಲ. ಬುಕಿಂಗ್ ಒಪ್ಪುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ ಇರಲಿ. ಫೋನ್ ಇಡುವ ಮೊದಲು ಜಾಲತಾಣದಲ್ಲಿ ಆ ದಿನ ಮುಚ್ಚುವುದು ಅವರ ಅಭ್ಯಾಸವಾಗಲಿ.

ಕಾಗದಪತ್ರ

ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಬೇಕು. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು ಎಂಬುದು ಅದರ ಮೂಲ ಷರತ್ತು. ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಿದರೆ ಗ್ರಾಮ ಪಂಚಾಯಿತಿ ಮತ್ತು ಪೊಲೀಸ್ ಠಾಣೆಯಿಂದ ಯಾವ ಪತ್ರ ಬೇಕೆಂದು ತಿಳಿಯುತ್ತದೆ. ಊಟ ಕೊಡುವುದರಿಂದ ಎಫ್‌ಎಸ್‌ಎಸ್‌ಎಐ ಸಣ್ಣ ನೋಂದಣಿಯ ಬಗ್ಗೆಯೂ ಕೇಳಬೇಕು.

ಬಂದ ಪ್ರತಿಯೊಬ್ಬ ವಯಸ್ಕರ ಹೆಸರು, ವಿಳಾಸ, ಫೋನು, ಬಂದ ಹೋದ ಹೊತ್ತು ರಿಜಿಸ್ಟರಿನಲ್ಲಿ ಇರಬೇಕು, ಗುರುತಿನ ಚೀಟಿಯ ಪ್ರತಿಯೂ ಬೇಕು. ವಿದೇಶಿ ಪ್ರಜೆ ಬಂದರೆ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ವಲಸೆ ಇಲಾಖೆಗೆ ಆನ್‌ಲೈನ್‌ನಲ್ಲಿ ತಿಳಿಸುವುದು ಮನೆಯವರ ಹೊಣೆ. ಜನ ಇದನ್ನು ಫಾರಂ ಸಿ ಎನ್ನುತ್ತಾರೆ. ಹೊರದೇಶದ ಪಾಸ್‌ಪೋರ್ಟ್ ಇರುವ ನಮ್ಮ ಕನ್ನಡದವರು ಬಂದಾಗ ಇದನ್ನು ಮರೆಯುವ ಸಾಧ್ಯತೆ ಹೆಚ್ಚು.

ವರ್ಷದ ವಹಿವಾಟು 20 ಲಕ್ಷದೊಳಗಿರುವ ಇಂಥ ಮನೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಜಾಲತಾಣದ ಮೂಲಕ ಬಂದ ಬುಕಿಂಗ್‌ಗೆ ಮಾತ್ರ ಜಾಲತಾಣವೇ ತೆರಿಗೆ ಸೇರಿಸಿ ಕಟ್ಟುತ್ತದೆ. ನೀವು ಹೇಳಿದ್ದಕ್ಕಿಂತ ಅಲ್ಲಿ ದರ ಏಕೆ ಹೆಚ್ಚು ಎಂದು ಅತಿಥಿ ಕೇಳಿದರೆ ಉತ್ತರ ಇದು.

ಒಂದು ವರ್ಷದ ಮೇಲೆ

ಮೊದಲ ವರ್ಷ ಪ್ರತಿ ಅತಿಥಿಗೆ ಒಂದು ಸಾಲಿನಂತೆ ನೋಟುಪುಸ್ತಕದಲ್ಲಿ ಬರೆದಿಡಿ: ಎಲ್ಲಿಂದ ಬಂದರು, ಹೇಗೆ ತಿಳಿಯಿತು, ಎಷ್ಟು ಕೊಟ್ಟರು, ಎಷ್ಟು ಗಂಟೆ ಕೆಲಸವಾಯಿತು. ವರ್ಷದ ಕೊನೆಗೆ ಅದನ್ನು ಎಲ್ಲರೂ ಕೂತು ಓದಿ. ಹಿಂದೆ ಬಂದುಹೋದವರೇ ಫೋನ್ ಮಾಡಿ ಮತ್ತೆ ಬರುತ್ತಿದ್ದರೆ, ಅವರ ಸ್ನೇಹಿತರನ್ನು ಕಳಿಸುತ್ತಿದ್ದರೆ, ಕಮಿಷನ್ ಉಳಿದು ಅದೇ ದರದಲ್ಲಿ ಲಾಭ ಏರುತ್ತದೆ. ಹೊಸಬರೇ ಬರುತ್ತಾ ಯಾರೂ ಮರಳದಿದ್ದರೆ ಕೋಣೆಯಲ್ಲೋ ಮಾತಿನಲ್ಲೋ ಏನೋ ಕೊರತೆಯಿದೆ.

ಆಮೇಲೆ 48,000 ರೂಪಾಯಿಯ ಆ ಕೂಲಿಯ ಸಾಲು ನೋಡಿ. ಅದು ನಿಜವಾಗಿ ಯಾರ ಕೈಗೆ ಹೋಯಿತು? ಅಡುಗೆ ಮಾಡಿ, ಹೊದಿಕೆ ಒಗೆದವರ ಹೆಸರಿನ ಬ್ಯಾಂಕ್ ಖಾತೆಗೆ ಅದು ಬಂದಿದ್ದರೆ, ಅವರಿಗೆ ಇನ್ನೊಂದು ವರ್ಷ ನಡೆಸುವ ಮನಸ್ಸಿದ್ದರೆ, ಎರಡನೆಯ ಕೋಣೆಯ ಮಾತು ಆಡಬಹುದು. ಇಲ್ಲವಾದರೆ ದರ ಏರಿಸಿ ಕೆಲಸಕ್ಕೊಬ್ಬರನ್ನು ಇಟ್ಟುಕೊಳ್ಳಬೇಕು, ಅಥವಾ ತಿಂಗಳಿಗೆ ಎರಡೇ ವಾರಾಂತ್ಯ ಕೋಣೆ ತೆರೆಯಬೇಕು. ಹೋಂಸ್ಟೇಯನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಹೋಗುವವರು ಆ ಮನೆಯ ಹೆಣ್ಣುಮಕ್ಕಳೇ. ಮುಂದಿನ ವರ್ಷದ ತೀರ್ಮಾನವನ್ನೂ ಅವರೇ ಮಾಡಲಿ.